ಒಂದೆಲಗವಲ್ಲದ ಬ್ರಾಹ್ಮಿ: ಮೂಲಿಕೆ ಔಷಧದ ಚೀಟಿಯನ್ನು ಕನ್ನಡಕ್ಕೆ ತರುವ ಬಗೆ

(ತುಮಕೂರಿನಲ್ಲಿ ಆಯುರ್ವೇದ ವಿದ್ಯಾರ್ಥಿಗಳು, ಗ್ರಂಥಿಗೆ ಅಂಗಡಿಯವರು ಮತ್ತು ಅನುವಾದದ ಕೆಲಸ ಮಾಡುವವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಸ್ಯಗಳ ಲ್ಯಾಟಿನ್ ಹೆಸರುಗಳನ್ನು ಓದಿನ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಔಷಧದ ಚೀಟಿಯ ಮೇಲೆ ಅವು ರೋಮನ್ ಲಿಪಿಯಲ್ಲೇ ಇರಬೇಕು.)

ಎಲ್ಲರಿಗೂ ನಮಸ್ಕಾರ.

ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ, ಏಕೆಂದರೆ ಇಂದು ಹೇಳಬೇಕೆಂದುಕೊಂಡಿರುವುದೆಲ್ಲವೂ ಆ ತಪ್ಪಿನಿಂದ ಕಲಿತದ್ದೇ ಆಗಿದೆ. ಕೆಲವು ವರ್ಷಗಳ ಹಿಂದೆ ಔಷಧ ತಯಾರಕರೊಬ್ಬರು ಸಾರಸ್ವತಾರಿಷ್ಟದ ಬಾಟಲಿಯ ಜೊತೆಗೆ ಇಡುವ ಒಳಚೀಟಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡಬೇಕೆಂದು ಕೇಳಿದರು. ಮೂಲಿಕೆಗಳ ಪಟ್ಟಿಯಲ್ಲಿ ಮೊದಲನೆಯದು ಬ್ರಾಹ್ಮಿ. ಬರೀ ಸಂಸ್ಕೃತ ಹೆಸರನ್ನು ಬಿಟ್ಟರೆ ಓದುವವರಿಗೆ ತಿಳಿಯಲಿಕ್ಕಿಲ್ಲವೆಂದು ನಾನು ಅದರ ಮುಂದೆ ಆವರಣದಲ್ಲಿ ‘ಒಂದೆಲಗ’ ಎಂದು ಸೇರಿಸಿದೆ. ಕೊರಟಗೆರೆಯ ಕಡೆ ಬೆಳೆದ ನನಗೆ ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಕೆರೆಯ ಅಂಗಳದಲ್ಲಿ, ತೋಟದ ಕಾಲುವೆಯ ಪಕ್ಕದಲ್ಲಿ ಹಬ್ಬುವ ಆ ದುಂಡೆಲೆಯ ಸೊಪ್ಪನ್ನು ಕಿತ್ತು ತಂದು ನಮ್ಮ ತಾಯಿ ಚಟ್ನಿ ಅರೆಯುತ್ತಿದ್ದರು, ಅದನ್ನು ಒಮ್ಮೆ ಒಂದೆಲಗವೆಂದೂ ಒಮ್ಮೆ ಬ್ರಾಹ್ಮಿಯೆಂದೂ ಕರೆಯುತ್ತಿದ್ದರು. ಚೀಟಿ ಅಚ್ಚಾಗಿ ಹೋಯಿತು. ಅದನ್ನು ಓದಿದ ಒಬ್ಬ ತಾಯಿ ತಯಾರಕರಿಗೆ ಒಂದು ಪ್ರಶ್ನೆ ಕೇಳಿದರು: ಒಂದೆಲಗ ನಮ್ಮ ಹಿತ್ತಲಿನಲ್ಲೇ ಇರುವಾಗ ಔಷಧದ ಜೊತೆಗೆ ಅದರ ರಸವನ್ನೂ ಮಗುವಿಗೆ ಕೊಡಬಹುದೇ? ಆಗ ತಯಾರಿಕೆಯ ಮೇಲ್ವಿಚಾರಕರು ಕನ್ನಡ ಚೀಟಿಯನ್ನು ತರಿಸಿ ನೋಡಿದರು. ಬಾಟಲಿಯಲ್ಲಿ ಒಂದೆಲಗದ ಒಂದು ಎಲೆಯೂ ಇರಲಿಲ್ಲ. ಅವರು ಬಳಸಿದ್ದು ಬೇರೆಯೇ ಒಂದು ಗಿಡವಾಗಿತ್ತು.

ಆ ಗಿಡದ ಲ್ಯಾಟಿನ್ ಹೆಸರು ಬಕೋಪಾ ಮೊನಿಯೆರಿ. ಭಾರತೀಯ ಆಯುರ್ವೇದ ಔಷಧಕೋಶ ‘ಬ್ರಾಹ್ಮಿ’ ಎಂದು ಹೆಸರಿಸುವುದು ಇದನ್ನೇ. ನಮ್ಮ ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ, ಅದೇ ಔಷಧಕೋಶ ಅದನ್ನು ‘ಮಂಡೂಕಪರ್ಣಿ’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಕೊಟ್ಟಿದೆ. ಇಂಗ್ಲಿಷ್ ಚೀಟಿಯಲ್ಲಿ ಬಕೋಪಾ ಎಂಬ ಹೆಸರು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಅದನ್ನು ನಾನು ಅಕ್ಷರ ತಪ್ಪಿಲ್ಲದೆ ನಕಲು ಮಾಡಿದ್ದೆನೇ ಹೊರತು ಅದು ಏನು ಹೇಳುತ್ತಿದೆಯೆಂದು ವಿಚಾರಿಸಿರಲಿಲ್ಲ. ಹೀಗಾಗಿ ನನ್ನ ಚೀಟಿಯ ಒಂದೇ ಸಾಲಿನಲ್ಲಿ ಲ್ಯಾಟಿನ್ ಹೆಸರು ಒಂದು ಗಿಡವನ್ನೂ ಕನ್ನಡ ಹೆಸರು ಇನ್ನೊಂದು ಗಿಡವನ್ನೂ ತೋರಿಸುತ್ತಿದ್ದವು.

ಈ ಎರಡು ಗಿಡಗಳನ್ನು ಹಸಿಯಾಗಿ ಕೈಯಲ್ಲಿ ಹಿಡಿದರೆ ಯಾರೂ ಒಂದನ್ನು ಇನ್ನೊಂದೆಂದು ತಿಳಿಯಲಾರರು. ಒಂದೆಲಗದಲ್ಲಿ ಉದ್ದನೆಯ ತೊಟ್ಟಿನ ತುದಿಯಲ್ಲಿ ಒಂದೇ ಎಲೆ ನಿಂತಿರುತ್ತದೆ, ಹೆಸರು ಬಂದಿರುವುದೂ ಅದರಿಂದಲೇ. ಎಲೆ ದುಂಡಗೆ, ಮೂತ್ರಪಿಂಡದ ಆಕಾರದಲ್ಲಿ, ಅಂಚಿನಲ್ಲಿ ಸಣ್ಣ ಹಲ್ಲುಗಳಿಂದ ಕೂಡಿರುತ್ತದೆ. ಬಕೋಪಾದ ಎಲೆಗಳು ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡವಲ್ಲ. ಅವು ದಪ್ಪಗೆ ರಸಭರಿತವಾಗಿ, ತೊಟ್ಟಿಲ್ಲದೆ, ಕಾಂಡದ ಎರಡೂ ಬದಿಗೆ ಎದುರುಬದುರಾಗಿ ಕೂತಿರುತ್ತವೆ. ಹೂವು ಬೆಳ್ಳಗೆ ಅಥವಾ ತಿಳಿ ನೇರಳೆಯಾಗಿರುತ್ತದೆ, ಎಲೆ ಜಗಿದರೆ ಕಹಿ ಬಾಯಲ್ಲಿ ನಿಲ್ಲುತ್ತದೆ. ಎರಡೂ ನೀರಿನ ಅಂಚಿನಲ್ಲಿ ನೆಲದ ಮೇಲೆ ಹಬ್ಬುತ್ತವೆ ಎಂಬುದು ಕಣ್ಣಿಗೆ ಕಾಣುವ ಅವುಗಳ ಒಂದು ಸಾಮ್ಯ, ಎರಡನ್ನೂ ಬುದ್ಧಿಗೆ ಹಿತವೆಂದು ಹೇಳುವ ಪರಂಪರೆ ಇದೆ ಎಂಬುದು ಇನ್ನೊಂದು. ಹೆಸರು ಒಂದರಿಂದ ಇನ್ನೊಂದಕ್ಕೆ ಹರಿದಿರುವುದು ಈ ಎರಡು ಸಾಮ್ಯಗಳ ದಾರಿಯಿಂದಲೇ ಎಂದು ನನಗೆ ತೋರುತ್ತದೆ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಬಕೋಪಾ. ಉತ್ತರ ಭಾರತದ ಹಲವೆಡೆ ಬ್ರಾಹ್ಮಿ ಎಂಬ ಹೆಸರಿನಲ್ಲಿ ಸಿಗುವುದು ನಮ್ಮ ಒಂದೆಲಗ. ನಮ್ಮ ಊರುಗಳಲ್ಲಿಯೂ ಆಡುಮಾತಿನ ಬ್ರಾಹ್ಮಿ ಬಹುಮಟ್ಟಿಗೆ ಒಂದೆಲಗವೇ.

ಇದರ ಮೇಲೆ ಒಂದೆಲಗಕ್ಕೆ ಇರುವ ಹೆಸರುಗಳನ್ನು ನೋಡಿ. ತುಳುವಿನಲ್ಲಿ ಅದು ತಿಮರೆ, ಮಲೆನಾಡಿನ ಕೆಲವೆಡೆ ಉರಗೆ, ನಮ್ಮ ಕಡೆ ಸರಸ್ವತಿ ಸೊಪ್ಪು. ಪಾವಗಡ, ಬಾಗೇಪಲ್ಲಿ, ಚಿಂತಾಮಣಿಯಂಥ ತೆಲುಗು ಬೆರೆತ ಊರುಗಳಲ್ಲಿ ಅದನ್ನು ಸರಸ್ವತಿ ಆಕು ಎನ್ನುವವರೂ ಇದ್ದಾರೆ. ಸಾರಸ್ವತಾರಿಷ್ಟ ಎಂಬ ಔಷಧದ ಹೆಸರನ್ನು ಸರಸ್ವತಿ ಸೊಪ್ಪು ಬಲ್ಲ ಒಬ್ಬ ಗೃಹಿಣಿ ಓದಿದಾಗ ಅದು ಆ ಸೊಪ್ಪಿನಿಂದಲೇ ಮಾಡಿದ್ದೆಂದು ಆಕೆ ನಂಬುವುದು ಸಹಜ. ಅನುವಾದಕ ತಪ್ಪು ಮಾಡದಿದ್ದರೂ ಹೆಸರೇ ಆಕೆಯನ್ನು ಆ ಕಡೆಗೆ ಎಳೆಯುತ್ತದೆ. ಆದ್ದರಿಂದ ಇಲ್ಲಿ ವಿವರಣೆ ಮಾಡಬೇಕಾದದ್ದು ಎರಡು ಕೆಲಸ: ಗಿಡವನ್ನು ತೋರಿಸುವುದು ಮತ್ತು ಓದುವವರ ಮನಸ್ಸಿನಲ್ಲಿ ಆಗಲೇ ಇರುವ ಬೇರೊಂದು ಗಿಡವನ್ನು ಪಕ್ಕಕ್ಕೆ ಸರಿಸುವುದು.

ಲ್ಯಾಟಿನ್ ಹೆಸರಿದ್ದರೆ ಗೊಂದಲವೇ ಇರುವುದಿಲ್ಲವೆಂದು ಹಲವರು ಭಾವಿಸುತ್ತಾರೆ. ಹಳೆಯ ಕನ್ನಡ ವೈದ್ಯ ಪುಸ್ತಕಗಳನ್ನು ಮತ್ತು ನಿಘಂಟುಗಳನ್ನು ತೆರೆದರೆ ಹರ್ಪೆಸ್ಟಿಸ್ ಮೊನಿಯೆರಾ ಮತ್ತು ಹೈಡ್ರೊಕೊಟೈಲ್ ಏಷಿಯಾಟಿಕಾ ಎಂಬ ಹೆಸರುಗಳು ಕಾಣುತ್ತವೆ. ಮೊದಲನೆಯದು ಬಕೋಪಾದ ಹಳೆಯ ಹೆಸರು, ಎರಡನೆಯದು ಸೆಂಟೆಲ್ಲಾದ ಹಳೆಯ ಹೆಸರು. ಇದನ್ನು ತಿಳಿಯದವರು ನಾಲ್ಕು ಗಿಡಗಳಿವೆಯೆಂದು ಲೆಕ್ಕ ಹಾಕುತ್ತಾರೆ. ಇಂಥ ಕಡೆ ಹೆಸರಿನ ಎರಡನೆಯ ಪದವನ್ನು ಗಮನಿಸುವುದು ನೆರವಾಗುತ್ತದೆ. ಸಸ್ಯವನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸೇರಿಸಿದಾಗ ಮೊದಲ ಪದ ಬದಲಾದರೂ ಎರಡನೆಯದು ಸಾಮಾನ್ಯವಾಗಿ ಸಣ್ಣ ವ್ಯತ್ಯಾಸದೊಡನೆ ಉಳಿಯುತ್ತದೆ. ಮೊನಿಯೆರಾ ಮತ್ತು ಮೊನಿಯೆರಿ ಎರಡನ್ನೂ ಕಂಡಾಗ ಇದು ಒಂದೇ ಗಿಡವಿರಬಹುದೆಂಬ ಸುಳಿವು ಸಿಗುತ್ತದೆ. ಸುಳಿವು ಸಿಕ್ಕಮೇಲೆ ಔಷಧಕೋಶದಲ್ಲಿ ಖಚಿತಪಡಿಸಿಕೊಳ್ಳಬೇಕು.

ಈಗ ಆ ಸಾಲನ್ನು ನಾನು ಹೇಗೆ ತಿದ್ದಿದೆನೆಂದು ಹೇಳುತ್ತೇನೆ. ಮೊದಲು ‘ಬ್ರಾಹ್ಮಿ (ನೀರು ಬ್ರಾಹ್ಮಿ)’ ಎಂದು ಬರೆದೆ. ನಿಘಂಟಿನ ಮಟ್ಟಿಗೆ ಇದು ಸರಿ, ಬಕೋಪಾಕ್ಕೆ ಕನ್ನಡದಲ್ಲಿ ನೀರು ಬ್ರಾಹ್ಮಿ ಎಂಬ ಹೆಸರಿದೆ. ಅಚ್ಚಿಗೆ ಕೊಡುವ ಮೊದಲು ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿಯ ಬಳಿಗೆ ಹೋಗಿ ಆ ಸಾಲನ್ನು ಓದಿ ಹೇಳಿ, ಈ ಗಿಡವನ್ನು ತಂದುಕೊಡಬಲ್ಲಿರಾ ಎಂದು ಕೇಳಿದೆ. “ಅದಕ್ಕೇನು ಮೇಷ್ಟ್ರೇ, ಕೆರೆ ನೀರಲ್ಲಿ ಬೆಳೆಯೋ ಒಂದೆಲಗ ತಾನೇ? ನಾಳೆ ಬನ್ನಿ, ಕಟ್ಟು ಕಟ್ಟಿಟ್ಟಿರ್ತೀನಿ” ಎಂದರು. ನೀರು ಎಂಬ ಪದ ಗಿಡವನ್ನು ಬೇರೆ ಮಾಡುವ ಬದಲು ಅದು ಬೆಳೆಯುವ ಜಾಗವನ್ನು ಮಾತ್ರ ಹೇಳಿತು. ಆ ಜಾಗದಲ್ಲಿ ಎರಡೂ ಗಿಡಗಳು ಬೆಳೆಯುತ್ತವೆ.

ಎರಡನೆಯ ಸಲ ‘ಬ್ರಾಹ್ಮಿ: ನೆನಪಿನ ಶಕ್ತಿಗೆ ಹೆಸರಾದ ಮೂಲಿಕೆ’ ಎಂದು ಬರೆದೆ. ಓದಲು ಇದು ಚೆನ್ನಾಗಿತ್ತು, ತಯಾರಕರಿಗೂ ಇಷ್ಟವಾಯಿತು. ನನಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಚರಕಸಂಹಿತೆಯಲ್ಲಿ ಮೇಧ್ಯ ರಸಾಯನಗಳೆಂದು, ಅಂದರೆ ಬುದ್ಧಿಗೆ ಹಿತವಾದವೆಂದು, ಒಟ್ಟಿಗೆ ಹೇಳಿರುವ ನಾಲ್ಕು ದ್ರವ್ಯಗಳು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ ಮತ್ತು ಶಂಖಪುಷ್ಪಿ. ನಮ್ಮ ಒಂದೆಲಗ ಅವುಗಳಲ್ಲಿ ಮೊದಲನೆಯದು. ಜ್ಯೇಷ್ಠಮಧು ಮತ್ತು ಅಮೃತಬಳ್ಳಿಯೂ ಅದೇ ಸಾಲಿನಲ್ಲಿವೆ. ಹಾಗಿರುವಾಗ ನೆನಪಿನ ಶಕ್ತಿಯ ಮಾತಿನಿಂದ ಓದುವವರು ಯಾವ ಗಿಡವನ್ನು ತಾನೇ ಗುರುತಿಸಿಯಾರು? ಗುಣವನ್ನು ಹೇಳಿದರೆ ಗಿಡವನ್ನು ಹೇಳಿದಂತಾಗುವುದಿಲ್ಲ. ಇದಲ್ಲದೆ, ಮೂಲ ಚೀಟಿಯಲ್ಲಿ ಆ ಜಾಗದಲ್ಲಿ ಇಲ್ಲದ ಗುಣದ ಮಾತನ್ನು ವಿವರಣೆಯ ಹೆಸರಿನಲ್ಲಿ ಸೇರಿಸಿದರೆ ಅನುವಾದಕನು ಔಷಧದ ಪರವಾಗಿ ಹೊಸದೊಂದು ಭರವಸೆ ಕೊಟ್ಟಂತಾಗುತ್ತದೆ. ಅದಕ್ಕೆ ಅವನಿಗೆ ಅಧಿಕಾರವಿಲ್ಲ.

ಮೂರನೆಯ ಸಲ ಬರೆದದ್ದು ಹೀಗಿತ್ತು: ‘ಬ್ರಾಹ್ಮಿ (ಬಕೋಪಾ ಮೊನಿಯೆರಿ), ಬೇರು ಸಹಿತ ಇಡೀ ಗಿಡ. ಸಣ್ಣ, ದಪ್ಪ ಎಲೆಗಳ ಕಹಿ ಗಿಡ, ಒಂದೆಲಗವಲ್ಲ.’ ಇದನ್ನು ಓದಿ ಹೇಳಿದಾಗ ಅದೇ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ಒಂದೆಲಗ ಅಲ್ಲವೆಂದಮೇಲೆ ಅದು ಯಾವುದೋ ತನಗೆ ಗೊತ್ತಿಲ್ಲವೆಂದರು. ನನಗೆ ಬೇಕಾಗಿದ್ದ ಉತ್ತರ ಅದೇ. ಗೊತ್ತಿಲ್ಲವೆಂದು ತಿಳಿದವರು ಕೇಳಿ ತಿಳಿದುಕೊಳ್ಳುತ್ತಾರೆ, ತಪ್ಪು ಗಿಡವನ್ನು ಗೊತ್ತೆಂದು ತಿಳಿದವರು ಕೇಳುವುದಿಲ್ಲ. ‘ಅಲ್ಲ’ ಎಂಬ ಪದವನ್ನು ಚೀಟಿಯಲ್ಲಿ ಬಳಸಲು ತಯಾರಕರು ಮೊದಲಿಗೆ ಹಿಂಜರಿದರು. ಏನಿದೆಯೋ ಅದನ್ನು ಹೇಳಿದರೆ ಸಾಲದೇ, ಏನಿಲ್ಲ ಎಂದು ಏಕೆ ಹೇಳಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಒಂದೇ ಹೆಸರನ್ನು ಎರಡು ಗಿಡಗಳು ಹಂಚಿಕೊಂಡಿರುವ ಕಡೆ, ಅದರಲ್ಲಿಯೂ ಇನ್ನೊಂದು ಗಿಡ ಓದುವವರ ಹಿತ್ತಲಲ್ಲೇ ಇರುವ ಕಡೆ, ಆ ಒಂದು ಪದಕ್ಕಿಂತ ಉಪಯುಕ್ತವಾದದ್ದು ಆ ಸಾಲಿನಲ್ಲಿ ಇನ್ನೊಂದಿಲ್ಲವೆಂದು ನಾನು ಈಗಲೂ ಹೇಳುತ್ತೇನೆ. ಎಲ್ಲ ಮೂಲಿಕೆಗಳಿಗೂ ಇದು ಬೇಕಿಲ್ಲ, ಇಂಥ ಜೋಡಿಗಳಿಗೆ ಮಾತ್ರ ಬೇಕು.

‘ಬೇರು ಸಹಿತ ಇಡೀ ಗಿಡ’ ಎಂದು ಬರೆದದ್ದಕ್ಕೂ ಕಾರಣವಿದೆ. ಸಾರಸ್ವತಾರಿಷ್ಟದ ವಿಧಿ ಇರುವ ಭೈಷಜ್ಯ ರತ್ನಾವಳಿಯಲ್ಲಿ ಬೇರು, ಎಲೆ, ಕೊಂಬೆಗಳ ಸಮೇತ ಬ್ರಾಹ್ಮಿಯನ್ನು ತೆಗೆದುಕೊಳ್ಳಬೇಕೆಂದು ಹೇಳಿದೆ. ಪ್ರಮಾಣ 20 ಪಲ. ಕಷಾಯಕ್ಕೆ ಹಾಕುವ ಶತಾವರಿ, ವಿದಾರಿ, ಅಳಲೆಕಾಯಿ ಮೊದಲಾದವು ತಲಾ 5 ಪಲ. ಇಂದಿನ ಲೆಕ್ಕಕ್ಕೆ ಪಲವನ್ನು 48 ಗ್ರಾಂ ಎಂದು ಹಿಡಿಯುವುದರಿಂದ ಇದು 960 ಗ್ರಾಂ ಮತ್ತು 240 ಗ್ರಾಂ ಆಗುತ್ತದೆ. ಅಂದರೆ ಈ ಔಷಧದಲ್ಲಿ ಬ್ರಾಹ್ಮಿ ಪಟ್ಟಿಯ ಹತ್ತರಲ್ಲಿ ಒಂದು ಮೂಲಿಕೆಯಲ್ಲ, ಉಳಿದ ಒಂದೊಂದಕ್ಕಿಂತ ನಾಲ್ಕು ಪಟ್ಟು ಹೆಚ್ಚಿರುವ ಮುಖ್ಯ ದ್ರವ್ಯ. ಅದರ ಹೆಸರಲ್ಲೇ ತಪ್ಪಾದರೆ ಚೀಟಿಯ ಮುಖ್ಯ ಮಾತೇ ತಪ್ಪಾದಂತೆ.

ಒಣಗಿಸಿ ಪುಡಿ ಮಾಡಿದ ಮೇಲೆ ಈ ಎರಡು ಗಿಡಗಳನ್ನು ಕಣ್ಣಿನಿಂದ ಬೇರೆ ಮಾಡುವುದು ಸಾಧ್ಯವಾಗುವುದಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಬ್ರಾಹ್ಮಿ ಪುಡಿ ಎಂದು ಕೊಡುವ ಪೊಟ್ಟಣದಲ್ಲಿ ಯಾವುದಿದೆ ಎಂಬುದು ಅದನ್ನು ತಂದವರ ಮಾತಿನ ಮೇಲೆ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ತಿಳಿಯಬಹುದು. ಬಕೋಪಾದಲ್ಲಿ ಬಕೋಸೈಡ್‌ಗಳೆಂಬ ಸಂಯುಕ್ತಗಳಿವೆ, ಒಂದೆಲಗದಲ್ಲಿ ಏಷಿಯಾಟಿಕೊಸೈಡ್ ಮತ್ತು ಅದರ ಬಳಗದವು ಇವೆ, ತೆಳುಪದರ ವರ್ಣರೇಖನ ಪರೀಕ್ಷೆಯಲ್ಲಿ ಅವುಗಳ ಗುರುತುಗಳು ಬೇರೆಬೇರೆ ಎತ್ತರದಲ್ಲಿ ಮೂಡುತ್ತವೆ. ಅನುವಾದಕನಿಗೆ ಈ ಪರೀಕ್ಷೆಯ ಅಗತ್ಯವಿಲ್ಲದಿದ್ದರೂ ಅದರಿಂದ ತಿಳಿಯಬೇಕಾದ ಮಿತಿಯೊಂದಿದೆ. ಚೀಟಿಯಲ್ಲಿ ಲ್ಯಾಟಿನ್ ಹೆಸರಿಲ್ಲದೆ ಬರೀ ಬ್ರಾಹ್ಮಿ ಎಂದಿದ್ದರೆ, ಅದು ಯಾವ ಗಿಡವೆಂದು ತನ್ನ ಊಹೆಯಿಂದ ತುಂಬುವ ಹಕ್ಕು ಅವನಿಗಿಲ್ಲ, ತಯಾರಕರನ್ನೇ ಕೇಳಬೇಕು. ಪರವಾನಗಿ ಪಡೆದ ಆಯುರ್ವೇದ ಔಷಧಗಳ ವಿಷಯದಲ್ಲಿ ಕೇಳಲು ಆಧಾರವೂ ಇದೆ. 1945ರ ಔಷಧ ನಿಯಮಗಳಲ್ಲಿ 161ನೆಯ ನಿಯಮ, ಎಲ್ಲ ಘಟಕಗಳ ನಿಜವಾದ ಪಟ್ಟಿಯನ್ನು ಸಸ್ಯಶಾಸ್ತ್ರೀಯ ಹೆಸರು ಮತ್ತು ಪ್ರಮಾಣದೊಡನೆ ಕೊಡಬೇಕೆಂದು ಹೇಳುತ್ತದೆ.

ಇದೇ ಬಗೆಯ ಇನ್ನೊಂದು ಹೆಸರು ಶಂಖಪುಷ್ಪಿ. ನಮ್ಮ ಮನೆಗಳ ಕಾಂಪೌಂಡಿನ ಮೇಲೆ ಹಬ್ಬಿ ನೀಲಿ ಹೂ ಬಿಡುವ ಬಳ್ಳಿಯನ್ನು ನಾವು ಶಂಖಪುಷ್ಪವೆನ್ನುತ್ತೇವೆ, ಅದು ಕ್ಲೈಟೋರಿಯಾ ಟರ್ನೇಟಿಯಾ. ಔಷಧಕೋಶದ ಶಂಖಪುಷ್ಪಿ ಕನ್ವಾಲ್ವುಲಸ್ ಪ್ಲೂರಿಕಾಲಿಸ್ ಎಂಬ, ನೆಲದ ಮೇಲೆ ಹರಡುವ ಸಣ್ಣ ಗಿಡ. ವಿಷ್ಣುಕ್ರಾಂತಿಯನ್ನು ಶಂಖಪುಷ್ಪಿಯೆಂದು ಬಳಸುವವರೂ ಇದ್ದಾರೆ. ಕನ್ನಡ ಚೀಟಿಯಲ್ಲಿ ‘ಶಂಖಪುಷ್ಪಿ’ ಎಂದಷ್ಟೇ ಬಿಟ್ಟರೆ ಅನುವಾದಕ ಏನನ್ನೂ ಬದಲಿಸಿಲ್ಲವೆಂದು ತೋರಬಹುದು. ಆದರೆ ಸಂಸ್ಕೃತದ ಪದ ಕನ್ನಡದೊಳಗೆ ಬರುವಾಗ ಗಿಡವನ್ನು ಬದಲಿಸಿಕೊಂಡು ಬಂದಿದೆ. ಆದ್ದರಿಂದ ಇಲ್ಲಿಯೂ ‘ನೀಲಿ ಹೂವಿನ ಶಂಖಪುಷ್ಪ ಬಳ್ಳಿಯಲ್ಲ’ ಎಂಬ ನಾಲ್ಕು ಪದಗಳು ಬೇಕಾಗುತ್ತವೆ.

ಗಿಡದ ಹೆಸರು ಬಿಟ್ಟು ಈಗ ಔಷಧದ ರೂಪದ ಹೆಸರಿಗೆ ಬರೋಣ. ಅರಿಷ್ಟ ಎಂಬ ಪದಕ್ಕೆ ಕನ್ನಡದ ಸಾಮಾನ್ಯ ಓದುಗರಲ್ಲಿ ಇರುವ ಅರ್ಥ ಕೇಡು, ಅಪಶಕುನ. ಹಾಗಾಗಿ ಕೆಲವರು ಅದನ್ನು ಬಿಟ್ಟು ‘ಟಾನಿಕ್’ ಎಂದು ಬರೆಯುತ್ತಾರೆ. ಟಾನಿಕ್ ಎಂಬುದು ಬಾಟಲಿಯಲ್ಲಿ ಬರುವ ಯಾವ ಸಿಹಿ ಔಷಧಕ್ಕೂ ಹೊಂದುವ ಪದ, ಅರಿಷ್ಟವು ಹಾಗಲ್ಲ. ಮೂಲಿಕೆಗಳನ್ನು ನೀರಿನಲ್ಲಿ ಕುದಿಸಿ ಕಾಲು ಭಾಗಕ್ಕೆ ಇಳಿಸಿ ಸೋಸಿದ ಕಷಾಯಕ್ಕೆ ಸಕ್ಕರೆ ಅಥವಾ ಬೆಲ್ಲ, ಜೇನು, ಧಾತಕಿ ಹೂ ಮೊದಲಾದುವನ್ನು ಸೇರಿಸಿ, ಪಾತ್ರೆಯ ಬಾಯಿ ಮುಚ್ಚಿ ವಾರಗಟ್ಟಲೆ ಹುದುಗಲು ಬಿಟ್ಟು ಅದನ್ನು ತಯಾರಿಸುತ್ತಾರೆ. ಹುದುಗುವಾಗ ಅದರಲ್ಲಿ ತಾನಾಗಿಯೇ ಮದ್ಯಸಾರ ಹುಟ್ಟುತ್ತದೆ, ಔಷಧ ಕೆಡದಂತೆ ಉಳಿಯುವುದೂ ಬಹುಪಾಲು ಅದರಿಂದಲೇ. ಕುದಿಸದೆ, ದ್ರವ್ಯಗಳನ್ನು ನೀರಿನಲ್ಲೋ ರಸದಲ್ಲೋ ಹಾಗೆಯೇ ಸೇರಿಸಿ ಹುದುಗಿಸಿದರೆ ಅದಕ್ಕೆ ಆಸವ ಎನ್ನುತ್ತಾರೆ. ಟಾನಿಕ್ ಎಂಬ ಅನುವಾದ ಮದ್ಯಸಾರದ ಸಂಗತಿಯನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ವ್ರತಕ್ಕಾಗಿ ಅದನ್ನು ಮುಟ್ಟದವರು, ಕುಡಿತ ಬಿಟ್ಟು ಎಚ್ಚರದಿಂದಿರುವವರು, ಮದ್ಯಸಾರದೊಡನೆ ಸೇರಬಾರದ ಮಾತ್ರೆ ನುಂಗುತ್ತಿರುವವರು, ಮಕ್ಕಳಿಗೆ ಕೊಡುವ ತಾಯಂದಿರು, ಇವರೆಲ್ಲರಿಗೂ ತಿಳಿಯಬೇಕಾದ ಸಂಗತಿ ಅದು. ‘ಹುಳಿ ಬಂದ ಕಷಾಯ’ ಎಂದರೂ ಸರಿಯಲ್ಲ, ಏಕೆಂದರೆ ಹುಳಿಯಾದ ಅರಿಷ್ಟ ಕೆಟ್ಟ ಅರಿಷ್ಟ. ನಾನು ಬರೆದದ್ದು ‘ಅರಿಷ್ಟ: ಕಷಾಯವನ್ನು ಸಿಹಿ ಸೇರಿಸಿ ಹುದುಗಿಸಿ ಮಾಡಿದ ಔಷಧ, ಹುದುಗುವಾಗ ಹುಟ್ಟಿದ ಮದ್ಯಸಾರ ಇದರಲ್ಲಿದೆ’ ಎಂದು. ಮದ್ಯಸಾರದ ಶೇಕಡಾವಾರು ಪ್ರಮಾಣವನ್ನು ಮೂಲ ಚೀಟಿಯಲ್ಲಿ ಇದ್ದಂತೆಯೇ ಅದರ ಪಕ್ಕದಲ್ಲಿ ಇಟ್ಟೆ.

ಸಂಸ್ಕೃತ ಸಮಾಸದ ರಚನೆಯನ್ನು ಬಲ್ಲವರಿಗೆ ಇಲ್ಲಿ ಒಂದು ಅನುಕೂಲವಿದೆ. ಇಂಥ ಹೆಸರುಗಳಲ್ಲಿ ಕೊನೆಯ ಪದ ಸಾಮಾನ್ಯವಾಗಿ ರೂಪವನ್ನು ಹೇಳುತ್ತದೆ, ಮೊದಲ ಪದ ದ್ರವ್ಯವನ್ನೋ ಉದ್ದೇಶವನ್ನೋ ಹೇಳುತ್ತದೆ. ದಶಮೂಲಾರಿಷ್ಟ ಹತ್ತು ಬೇರುಗಳ ಅರಿಷ್ಟ. ಕುಮಾರ್ಯಾಸವದ ಕುಮಾರಿ ಹುಡುಗಿಯಲ್ಲ, ಲೋಳೆಸರ. ಈ ರಚನೆ ಬಹಳ ಮುಖ್ಯವಾಗುವುದು ‘ಅರ್ಕ’ ಎಂಬ ಪದದಲ್ಲಿ. ಅಜಮೋದಾರ್ಕ, ಪುದೀನಾ ಅರ್ಕ ಎಂಬಲ್ಲಿ ಅರ್ಕವೆಂದರೆ ಭಟ್ಟಿ ಇಳಿಸಿ ಪಡೆದ ದ್ರವ. ಅದೇ ಪದ ಘಟಕಗಳ ಪಟ್ಟಿಯಲ್ಲಿ ಒಂಟಿಯಾಗಿ ಬಂದರೆ, ಅಥವಾ ಅರ್ಕಲವಣ ಎಂಬಲ್ಲಿನಂತೆ ಸಮಾಸದ ಮೊದಲಲ್ಲಿ ಬಂದರೆ, ಅದು ಎಕ್ಕದ ಗಿಡ. ರಥಸಪ್ತಮಿಯ ದಿನ ತಲೆಯ ಮೇಲೆ, ಭುಜದ ಮೇಲೆ ಎಲೆಯಿಟ್ಟು ಸ್ನಾನ ಮಾಡುತ್ತೇವಲ್ಲ, ಅದೇ ಎಕ್ಕ. ಅದರ ಹಾಲು ಕಣ್ಣಿಗೆ ಬಿದ್ದರೆ ಆಗುವ ಅಪಾಯ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು, ಮತ್ತು ಔಷಧ ನಿಯಮಗಳ ವಿಷದ್ರವ್ಯಗಳ ಅನುಸೂಚಿಯಲ್ಲಿ ಅರ್ಕ ಎಂಬ ಹೆಸರಿನಲ್ಲೇ ಅದು ಸೇರಿದೆ. ಆ ಅನುಸೂಚಿಯ ದ್ರವ್ಯಗಳಿರುವ, ಒಳಗೆ ತೆಗೆದುಕೊಳ್ಳುವ ಔಷಧಗಳ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬೇಕೆಂಬ ಎಚ್ಚರಿಕೆ ಇರಬೇಕು. ಘಟಕದ ಪಟ್ಟಿಯ ಅರ್ಕವನ್ನು ‘ಭಟ್ಟಿ ಇಳಿಸಿದ ಸಾರ’ ಎಂದು ಅನುವಾದಿಸಿದರೆ ವಿಷದ್ರವ್ಯವೊಂದು ಕನ್ನಡ ಚೀಟಿಯಿಂದ ಕಾಣದಂತಾಗುತ್ತದೆ. ಬ್ರಾಹ್ಮಿಯ ವಿಷಯದಲ್ಲಿ ನನ್ನ ತಪ್ಪು ಯಾರ ಜೀವಕ್ಕೂ ತೊಂದರೆ ತರುವಂಥದ್ದಾಗಿರಲಿಲ್ಲ, ಒಂದೆಲಗ ನಾವು ತಿನ್ನುವ ಸೊಪ್ಪು. ಅರ್ಕದ ವಿಷಯದಲ್ಲಿ ಹಾಗೆ ಹೇಳಲಾಗುವುದಿಲ್ಲ.

ಗಿಡದ ಭಾಗದ ಬಗ್ಗೆ ಎರಡು ಮಾತು. ಸಂಸ್ಕೃತದ ಪಟ್ಟಿಗಳಲ್ಲಿ ‘ಪಂಚಾಂಗ’ ಎಂದಿದ್ದರೆ ಬೇರು, ತೊಗಟೆ, ಎಲೆ, ಹೂ, ಹಣ್ಣು ಎಂಬ ಐದೂ ಸೇರಿದ ಗಿಡ ಎಂದರ್ಥ. ಕನ್ನಡದಲ್ಲಿ ಆ ಪದವನ್ನು ಹಾಗೆಯೇ ಬಿಟ್ಟರೆ ಓದುವವರ ಮನಸ್ಸು ಯುಗಾದಿಯ ಪಂಚಾಂಗದ ಕಡೆಗೆ ಹೋಗುತ್ತದೆ, ‘ಇಡೀ ಗಿಡ’ ಎಂದರೆ ಸಾಕು. ಇಂಗ್ಲಿಷ್ ಪಟ್ಟಿಗಳಲ್ಲಿ ಹಣ್ಣಿನ ಹೊರತಿರುಳಿಗೆ ಬಳಸುವ ಸಂಕ್ಷೇಪದಲ್ಲಿ ಒಂದು ‘ಪಿ’ ಇರುತ್ತದೆ. ಅದನ್ನು ಪುಡಿ ಎಂಬ ಅರ್ಥದ ಪದವೆಂದು ತಿಳಿದು ‘ಅಳಲೆಹಣ್ಣಿನ ಪುಡಿ’ ಎಂದು ಬರೆದಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿ ಹೇಳಿರುವುದು ಗೊರಟು ತೆಗೆದ ಅಳಲೆಕಾಯಿ. ಮನೆಯಲ್ಲಿ ತ್ರಿಫಲ ಕುಟ್ಟಿದ ಯಾರಿಗಾದರೂ ಗೊರಟು ತೆಗೆಯುವುದು, ಬಿಡುವುದು ಎಷ್ಟು ವ್ಯತ್ಯಾಸ ಮಾಡುತ್ತದೆಂದು ಗೊತ್ತು.

ಎಲ್ಲ ಹೆಸರುಗಳಿಗೂ ವಿವರಣೆ ಅಂಟಿಸಬೇಕೆಂದು ಇದರಿಂದ ತಿಳಿಯಬಾರದು. ವಚಾ ಎಂದರೆ ಬಜೆ, ಉಶೀರವೆಂದರೆ ಲಾವಂಚ, ಕಣಾ ಎಂದರೆ ಹಿಪ್ಪಲಿ, ದೇವಪುಷ್ಪವೆಂದರೆ ಲವಂಗ. ಇವುಗಳಿಗೆ ಒಂದೇ ಒಂದು ಕನ್ನಡ ಪದವಿದೆ, ಅದನ್ನು ಕೊಟ್ಟು ಮುಂದೆ ಹೋಗಬೇಕು. ಎಳೆ ಮಗುವಿಗೆ ಬಜೆ ತೇಯ್ದು ನೆಕ್ಕಿಸುವ ಅಜ್ಜಿಯ ಮುಂದೆ ವಚಾ ಎಂದು ಬರೆದಿಟ್ಟು ಅದಕ್ಕೊಂದು ವಿವರಣೆ ಕೊಡುವುದು ಆಕೆಗೆ ಗೊತ್ತಿರುವುದನ್ನು ಆಕೆಯಿಂದ ಮರೆಮಾಡಿದಂತೆ. ಅಂಗೈಯಗಲದ ಚೀಟಿಯಲ್ಲಿ ಜಾಗವೂ ಕಡಿಮೆ. ಸರಳ ಹೆಸರುಗಳಲ್ಲಿ ಉಳಿಸಿದ ಜಾಗವೇ ಬ್ರಾಹ್ಮಿಯಂಥ ಸಾಲಿಗೆ ಸಿಗುತ್ತದೆ. ನನ್ನ ಅನುಭವದಲ್ಲಿ ಒಂದು ವಿವರಣೆ ಏಳೆಂಟು ಪದಗಳನ್ನು ಮೀರಿದರೆ ಅಚ್ಚಿನವರು ಅಕ್ಷರವನ್ನು ಚಿಕ್ಕದು ಮಾಡುತ್ತಾರೆ, ಆಮೇಲೆ ಅದನ್ನು ಯಾರೂ ಓದುವುದಿಲ್ಲ.

ಅದೇ ಚೀಟಿಯಲ್ಲಿ ಕೊನೆಯವರೆಗೆ ಉಳಿದ ಒಂದು ಹೆಸರನ್ನು ಹೇಳಿ ಮಾತು ನಿಲ್ಲಿಸುತ್ತೇನೆ. ಅದು ವಿದಾರಿ. ತಿದ್ದಿದ ಆವೃತ್ತಿಗಾಗಿ ನನ್ನ ಕೈಗೆ ಬಂದ ಕರಡು ಪಟ್ಟಿಯಲ್ಲಿ ಆ ಒಂದು ಸಾಲಿಗೆ ಲ್ಯಾಟಿನ್ ಹೆಸರು ಬಿಟ್ಟುಹೋಗಿತ್ತು. ಕನ್ನಡದಲ್ಲಿ ವಿದಾರಿಗೆ ನೆಲಗುಂಬಳ ಎನ್ನುತ್ತೇವೆ. ಆದರೆ ಆ ಹೆಸರು ಮುತ್ತುಗದಂತೆ ಮೂರು ಎಲೆಗಳ ಗೊಂಚಲಿರುವ ಪ್ಯುರೇರಿಯಾ ಟ್ಯುಬರೋಸಾಕ್ಕೂ, ಅಂಗೈ ಬಿಚ್ಚಿದಂತೆ ಸೀಳಿದ ಎಲೆಯ ಐಪೋಮಿಯಾ ಮಾರಿಷಿಯಾನಾಕ್ಕೂ ಸಲ್ಲುತ್ತದೆ. ಎರಡರ ಗೆಡ್ಡೆಯನ್ನೂ ಬಳಸುತ್ತಾರೆ, ಔಷಧಕೋಶದ ವಿದಾರಿ ಮೊದಲನೆಯದು, ಕೇರಳದ ಬಳಕೆಯಲ್ಲಿ ಎರಡನೆಯದು. ಔಷಧಕೋಶವನ್ನು ನಂಬಿ ಪ್ಯುರೇರಿಯಾ ಎಂದು ತುಂಬಿಬಿಡಬಹುದಾಗಿತ್ತು. ಹಾಗೆ ಮಾಡದೆ ಆ ಸಾಲನ್ನು ಖಾಲಿ ಬಿಟ್ಟು ತಯಾರಕರಿಗೆ ಪತ್ರ ಬರೆದೆ. ಒಂಬತ್ತು ದಿನ ಅಚ್ಚು ನಿಂತಿತು. ಹತ್ತನೆಯ ದಿನ ಅವರ ಉಗ್ರಾಣದಿಂದ ಉತ್ತರ ಬಂದಿತು: ಅವರು ಕೊಳ್ಳುತ್ತಿದ್ದ ಗೆಡ್ಡೆ ಐಪೋಮಿಯಾ. ಲ್ಯಾಟಿನ್ ಹೆಸರನ್ನು ಅವರು ಇಂಗ್ಲಿಷ್ ಚೀಟಿಯಲ್ಲಿಯೂ ಸೇರಿಸಿದರು. ಕನ್ನಡದ ಸಾಲು ‘ವಿದಾರಿ (ಐಪೋಮಿಯಾ ಮಾರಿಷಿಯಾನಾ), ಗೆಡ್ಡೆ. ಸೀಳೆಲೆಯ ನೆಲಗುಂಬಳ’ ಎಂದು ಅಚ್ಚಾಯಿತು.